ಒಂದು ಮಾತು ಹೇಳಬೇಕಿತ್ತು ಕಣೇ

ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ನಿನ್ನೆ ಸಂಜೆ ರೆಡಿಯಾಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಗ ನಿನ್ನ ಮೆಸೇಜ್ ಬಂತು, 'ಸಾರಿ ಕಣೇ, ಇವತ್ತು ಆಗಲ್ಲ' ಅಂತ. ಎರಡು ತಿಂಗಳಲ್ಲಿ ಇದು 4ನೇ ಸಲ. ನಿನ್ನ ಅಮ್ಮನಿಗೆ ಹುಷಾರಿಲ್ಲದ ದಿನವನ್ನು ಬಿಟ್ಟೇ ಹೇಳುತ್ತಿದ್ದೇನೆ, ಅದು ಬೇರೆ ಮಾತು.

ನಿನಗೆ ಕೆಲಸ ಜಾಸ್ತಿ ಅಂತ ಗೊತ್ತು. ಸುಸ್ತಾಗಿದ್ದರೆ ಬರಬೇಡ, ಅದಕ್ಕೆ ಬೇಜಾರಿಲ್ಲ. ಬೇಜಾರಾಗುವುದು ಕೊನೇ ಗಳಿಗೆಯಲ್ಲಿ ಹೇಳುವುದಕ್ಕೆ. ಹೋದ ಶನಿವಾರ ನಿನಗೋಸ್ಕರ ಅಕ್ಕನ ಮನೆಗೆ ಹೋಗುವುದನ್ನು ಮುಂದಕ್ಕೆ ಹಾಕಿದ್ದೆ. ನೀನು ಬರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತಿದ್ದಾಗ, ಬೇರೆಯವರಿಗೆಲ್ಲ ಕೊಟ್ಟು ಉಳಿದ ಸಮಯ ಮಾತ್ರ ನನಗೆ ಅಲ್ವಾ ಅನ್ನಿಸಿತು. ನಿನ್ನ ಮನಸ್ಸಿನಲ್ಲಿ ಹಾಗೆ ಇಲ್ಲದೆ ಇರಬಹುದು. ಆದರೆ ನನಗೆ ತಾಗಿದ್ದು ಹಾಗೇ.

'ಪರವಾಗಿಲ್ಲ ಬಿಡು' ಅಂತ ನಿನ್ನೆ ಕಳಿಸಿದೆನಲ್ಲ, ಅದು ನಿಜವಲ್ಲ. ಪ್ರತಿ ಸಲವೂ ಹಾಗೇ ಹೇಳಿ ನೋವು ಮುಚ್ಚಿಟ್ಟಿದ್ದು ನನ್ನ ತಪ್ಪು.

ಇನ್ನು ಮುಂದೆ ಆಗುವುದಿಲ್ಲ ಅನ್ನಿಸಿದರೆ ಹಿಂದಿನ ದಿನವೇ ಹೇಳು. ಬರುವ ಮನಸ್ಸಿಲ್ಲದಿದ್ದರೆ ಮೊದಲೇ ಬೇಡ ಅನ್ನು, ಸುಮ್ನೆ ಹೂಂ ಅನ್ನಬೇಡ. ಮುಂದಿನ ಸಲ ಯಾವಾಗ ಸಿಗೋಣ ಅಂತ ನೀನೇ ಹೇಳು. ಈ ಸಲ ನಾನು ಕೇಳುವುದಿಲ್ಲ.

ನಿನ್ನ ಜೊತೆ ಕೂತು ಮಾತಾಡಿ ತುಂಬಾ ದಿನ ಆಯ್ತು ಕಣೇ. ನೀನು ಬೇಕು ಅಂತಲೇ ಇಷ್ಟೆಲ್ಲ ಬರೆದೆ. ನನ್ನ ಮೇಲೆ ನಿನಗೂ ಏನಾದರೂ ಬೇಜಾರಿದ್ದರೆ ಹೇಳು, ಕೇಳಿಸಿಕೊಳ್ಳುತ್ತೇನೆ.