ಪ್ರೀತಿಯ ಸುಮಾ, ವಿಮಾನ ಹತ್ತಿದ ಮೇಲೆ ಓದು

ಮಾರಾಯ್ತಿ,

ನೀನು ಒಳಗಿನ ಕೋಣೆಯಲ್ಲಿ ಮೂರನೇ ಸಲ ಸೂಟ್‌ಕೇಸ್ ತೂಗುತ್ತಿದ್ದೀಯ. ನಾನು ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊತ್ತು ಹನ್ನೊಂದೂವರೆ. ಬಾಯಲ್ಲಿ ಹೇಳೋಣ ಅಂತ ವಾರದಿಂದ ನೋಡಿದೆ, ಆಗಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಖುಷಿಯ ಮಾತು. ಅವತ್ತು ದಾದರ್ ಸ್ಟೇಷನ್ ಸೇತುವೆಯ ಮೇಲೆ ನೀನು ಆ ಲಕೋಟೆ ಹಿಡಿದು ನಿಂತಿದ್ದೆ, ನೆನಪಿದೆಯಾ? ಪಾಸ್‌ಪೋರ್ಟ್ ವಾಪಸ್ ಬಂದಿದೆ ಅಂತ ಮೆಸೇಜ್ ಬಂದಿತ್ತು, ಒಳಗೇನಿದೆ ಅಂತ ಮಾತ್ರ ಗೊತ್ತಿರಲಿಲ್ಲ. ನೀನೇ ತೆಗಿ ಅಂದೆ. ನಿನ್ನ ಕೈ ನಡುಗುತ್ತಿತ್ತು. ನಾನು ಹರಿದು, ಪುಟ ತಿರುಗಿಸಿ ತಿರುಗಿಸಿ, ಕೊನೆಗೆ ಆ ವೀಸಾ ಸ್ಟಿಕ್ಕರ್ ಸಿಕ್ಕಿತು. ನಿನ್ನ ಫೋಟೋ, ಪಕ್ಕದಲ್ಲಿ ಡಿ ಅಂತ ದೊಡ್ಡ ಅಕ್ಷರ. ಸಂಜೆ ಆರರ ಗರ್ದಿಯಲ್ಲಿ ನಾವಿಬ್ಬರೂ ಅಳುತ್ತಾ ನಿಂತಿದ್ದೆವು. ಹೂವಿನ ಬುಟ್ಟಿ ಹೊತ್ತ ಮಾವಶಿಯೊಬ್ಬರು ಹೆದರಿ, ಏನಾಯ್ತು ಅಂತ ಕೇಳಿದರು. ‘ಜರ್ಮನಿಗೆ ಹೊರಟಿದ್ದಾಳೆ’ ಅಂದೆ. ಅವರು ಬುಟ್ಟಿಯಿಂದ ಒಂದು ಮೊಳ ಅಬ್ಬಲಿಗೆ ಕಿತ್ತು ನಿನ್ನ ಕೈಗಿಟ್ಟರು. ದುಡ್ಡು ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ಆ ಸ್ಟಿಕ್ಕರ್ ಸುಮ್ನೆ ಬಂದದ್ದಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೈಟ್ ಡ್ಯೂಟಿ ಮುಗಿಸಿ ಬಂದು, ಎರಡು ಗಂಟೆ ಮಲಗಿ, ಮತ್ತೆ ಎದ್ದು ಜರ್ಮನ್ ಪುಸ್ತಕ ಹಿಡಿಯುತ್ತಿದ್ದೆ. ಈ ಅಡುಗೆಮನೆ ತುಂಬಾ ನಿನ್ನ ಚೀಟಿಗಳು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಬಾಗಿಲು ಹೆಣ್ಣು, ಫ್ರಿಜ್ ಗಂಡು. ನಮ್ಮ ಭಾಷೆಯಲ್ಲಿ ಇವೆಲ್ಲಾ ‘ಅದು’ ಅಂದರೆ ಮುಗಿಯಿತು. ಅಲ್ಲಿ ಹುಡುಗಿ ಅನ್ನೋ ಪದವೇ ನಪುಂಸಕಲಿಂಗ ಅಂತ ನೀನು ಹೇಳಿದ ದಿನ ನಾನು ನಂಬಲೇ ಇಲ್ಲ. ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಮಾತಾಡುವುದು ಮೂರೂ ಪಾಸಾಗಿ, ಬರವಣಿಗೆಯಲ್ಲಿ 60 ಬೇಕಿದ್ದ ಕಡೆ 56 ಬಂತು. ಆ ರಾತ್ರಿ ನೀನು ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಕೂತು ಜರ್ಮನ್‌ನಲ್ಲಿ ಪತ್ರ ಬರೆಯುತ್ತಿದ್ದೆ. ದಿನಕ್ಕೊಂದರಂತೆ ಎರಡು ತಿಂಗಳು ಬರೆದೆ. ಆಮೇಲೆ ಅದೊಂದೇ ಭಾಗ ಮತ್ತೆ ಕಟ್ಟಿ 78 ತಂದೆ. ಇಷ್ಟು ಹಟದ ಹೆಣ್ಣನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಈಗ ಇನ್ನೊಂದು ಮಾತು. ಸೇತುವೆಯ ಮೇಲೆ ನಾನು ಅತ್ತದ್ದು ಪೂರ್ತಿ ಖುಷಿಯಿಂದಲ್ಲ ಸುಮಾ. ಸ್ಟಿಕ್ಕರ್ ಕಂಡ ಕೂಡಲೇ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ‘ಓ, ಇವಳು ನಿಜವಾಗಿಯೂ ಹೋಗುತ್ತಾಳೆ’ ಅಂತ. ಅದನ್ನು ನಿನ್ನಿಂದ ಮುಚ್ಚಿಟ್ಟು ಕಳಿಸಲು ಮನಸ್ಸಿಲ್ಲ.

ನಿನಗೊಂದು ವಿಷಯ ನಾನು ಯಾವತ್ತೂ ಹೇಳಿಲ್ಲ. ದಾದರ್‌ನ ನನ್ನ ಆಫೀಸಿಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೆ ಬೇಗ ತಲುಪಬಹುದು. ನಿನ್ನ ಆಸ್ಪತ್ರೆ ಮುಲುಂಡ್‌ನಲ್ಲಿ ಅಂತ ನಾನು 7.52ರ ಸ್ಲೋ ಹತ್ತುತ್ತಿದ್ದೆ. ಫಾಸ್ಟ್‌ನಲ್ಲಿ ರಶ್ ಜಾಸ್ತಿ ಅಂತ ನಿನಗೆ ಹೇಳುತ್ತಿದ್ದೆ. ನಿನ್ನ ಜೊತೆ ಸಿಗುವ ಆ ಅರ್ಧ ಗಂಟೆಗೋಸ್ಕರ ಹಾಗೆ ಮಾಡುತ್ತಿದ್ದೆ ಅಷ್ಟೆ. 2017ರಲ್ಲಿ ಅದೇ ಲೇಡೀಸ್ ಡಬ್ಬಿಯಲ್ಲಿ ನಿನ್ನ ಪರಿಚಯವಾದದ್ದು. ಮೂವರು ಕೂತ ಬೆಂಚಿನ ತುದಿಯಲ್ಲಿ ಸರಿದು ನನಗೆ ಫೋರ್ತ್ ಸೀಟ್ ಕೊಟ್ಟೆ. ಫೋನಿನಲ್ಲಿ ನಾನು ಅಮ್ಮನ ಹತ್ತಿರ ಮಾತಾಡಿದ್ದು ಕೇಳಿ, ‘ನಿಮ್ಮದು ಕಾರ್ಕಳ ಬದಿಯಾ?’ ಅಂದೆ. ಮುಂದಿನ ತಿಂಗಳು ನಾವು ಒಂದೇ ಮನೆಯಲ್ಲಿದ್ದೆವು.

2020ರ ಜೂನ್ ತಿಂಗಳು ಈಗಲೂ ಕಣ್ಣ ಮುಂದಿದೆ. ಲೋಕಲ್ ಶುರುವಾಗಿದ್ದು ನಿನ್ನಂಥವರಿಗೆ ಮಾತ್ರ. ಖಾಲಿ ಡಬ್ಬಿಯಲ್ಲಿ ಹೋಗಿ ಬರುತ್ತಿದ್ದೆ. ಬಂದವಳೇ ಬಾತ್‌ರೂಮ್, ಬಟ್ಟೆಯೆಲ್ಲಾ ಬಿಸಿನೀರಿಗೆ. ನನಗೆ ಜ್ವರ ಬಂದಾಗ ರಾತ್ರಿಯಿಡೀ ಬಾಗಿಲ ಹೊರಗೆ ಚಾಪೆ ಹಾಕಿ ಮಲಗಿದೆ. ಗಂಟೆಗೊಮ್ಮೆ ಆಕ್ಸಿಮೀಟರ್ ಓದಿ ಹೇಳು ಅಂತಿದ್ದೆ. ಬೆಳಗ್ಗೆ ಗಂಜಿ, ಉಪ್ಪಿನಕಾಯಿ. ನಾಳೆಯಿಂದ ನಿನ್ನ ಆ ಕೈ ಬೇರೆ ಯಾರದೋ ಹಣೆ ಮುಟ್ಟಿ ನೋಡುತ್ತದೆ. ಅವರ ಪುಣ್ಯ. ನರ್ಸ್‌ಗೆ ಅಲ್ಲೂ ಶ್ವೆಸ್ಟರ್ ಅಂತ ಕರೆಯುವ ರೂಢಿ ಇದೆ, ಅಂದರೆ ಸಿಸ್ಟರ್ರೇ ಅಂತ ನೀನು ಹೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು.

ಲೈಪ್ಸಿಗ್ ಬಗ್ಗೆ ನಾನೂ ಸ್ವಲ್ಪ ಓದಿದ್ದೇನೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನಂತೆ. ಕುಮಟಾದ ಬಿಸಿಲಲ್ಲಿ ಬೆಳೆದವಳು ನೀನು. ಆ ಕತ್ತಲೆ ಮನಸ್ಸಿಗೂ ಇಳಿಯಬಹುದು. ರಜೆಯಿದ್ದ ದಿನ ಮಧ್ಯಾಹ್ನವೇ ಹೊರಗೆ ಹೋಗು, ಕೋಣೆಯಲ್ಲಿ ಮಲಗಿರಬೇಡ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಬ್ರೆಡ್ಡು ಶನಿವಾರವೇ ತಂದಿಡು. ಕುಚ್ಚಲಕ್ಕಿ ಎರಡು ಕಿಲೋ, ನಿನ್ನ ಅಮ್ಮ ಕಳಿಸಿದ ಸಾರಿನ ಪುಡಿ, ಹುಣಸೆಹಣ್ಣು ಎಲ್ಲಾ ನೀಲಿ ಚೀಲದಲ್ಲಿದೆ. ತುಪ್ಪದ ಡಬ್ಬಿ ಮಾತ್ರ ನಾನು ತೆಗೆದಿಟ್ಟೆ. ಹಾಲಿನದು ಏನನ್ನೂ ಅಲ್ಲಿ ಒಳಗೆ ಬಿಡುವುದಿಲ್ಲ. ಅಮ್ಮನಿಗೆ ಹೇಳಬೇಡ, ಮತ್ಸ್ಯಗಂಧ ರೈಲಿನಲ್ಲಿ ಅಷ್ಟು ಜೋಪಾನವಾಗಿ ಕಳಿಸಿದ್ದಾರೆ, ಬೇಜಾರು ಮಾಡಿಕೊಳ್ಳುತ್ತಾರೆ.

ದಿನಾ ಫೋನ್ ಮಾಡಲೇಬೇಕು ಅಂತ ನಾನು ಹೇಳುವುದಿಲ್ಲ. ಹೊಸ ವಾರ್ಡ್, ಹೊಸ ಭಾಷೆ, ಡ್ಯೂಟಿ ಮುಗಿದ ಮೇಲೆ ನಿನಗೆ ಮಾತೇ ಬೇಡ ಅನ್ನಿಸಬಹುದು. ಭಾನುವಾರ ಮಾತ್ರ ನನಗಿರಲಿ. ಈಗ ನಮಗೂ ನಿಮಗೂ ಮೂರೂವರೆ ಗಂಟೆ ಅಂತರ. ಈ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಹೋಗಿ ನಾಲ್ಕೂವರೆ ಆಗುತ್ತದೆ. ನಾನು ರಾತ್ರಿ ಒಂಬತ್ತೂವರೆಗೆ ಕಾಯುತ್ತೇನೆ. ಅತ್ತರೆ ಅಳು. ‘ಚೆನ್ನಾಗಿದ್ದೇನೆ’ ಅಂತ ನಗು ಮಾಡಿ ತೋರಿಸುವ ಶ್ರಮ ನನ್ನ ಮುಂದೆ ಬೇಡ. ನಾನೂ ತೋರಿಸುವುದಿಲ್ಲ.

ನಿನ್ನೆ ಮಾಟುಂಗಾದಲ್ಲಿ ಎಲ್ಲರೂ ಸೇರಿ ಊಟ ಮಾಡಿದಾಗ ನೀನು ಹೇಳಿದೆಯಲ್ಲ, ‘ನಿನ್ನನ್ನು ಒಂಟಿ ಮಾಡಿ ಹೊರಟೆ’ ಅಂತ. ಆ ಮಾತು ನನಗೆ ಸೇರಲಿಲ್ಲ. ನೀನು ಏನನ್ನೂ ಬಿಟ್ಟು ಓಡುತ್ತಿಲ್ಲ. ಆರು ವರ್ಷದಿಂದ ನೋಡಿದ ಕನಸಿಗೆ ಹೊರಟಿದ್ದೀಯ. ಮನೆಗೆ ಸಾಲ ತೀರುತ್ತದೆ, ತಮ್ಮನ ಓದು ಸಾಗುತ್ತದೆ, ಅದೆಲ್ಲಾ ಸರಿ. ಅದಕ್ಕಿಂತ ಜಾಸ್ತಿ, ನಿನಗೆ ಬೇಕಾದದ್ದು ನಿನಗೆ ಸಿಕ್ಕಿತು. ನನಗೆ ಬೇಜಾರಾಗುತ್ತದೆ, ತುಂಬಾ ಆಗುತ್ತದೆ. ಆದರೂ ನೀನು ಇಲ್ಲೇ ಉಳಿದಿದ್ದರೆ ಚೆನ್ನಾಗಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ.

ಈಗ ಅಡುಗೆಮನೆಗೆ ಬಂದು ಚೀಟಿ ಕೀಳಲು ಶುರು ಮಾಡಿದ್ದೀಯ. ಗೋಡೆ ಗಲೀಜಾಗಿದೆ ಅಂತಿದ್ದೀಯ. ನಾನು ಕಾಗದ ಮಡಚುತ್ತೇನೆ. ಚಮಚದ್ದು, ಫೋರ್ಕಿನದು ಬೇಕಾದರೆ ತೆಗಿ. ಫ್ರಿಜ್ ಮೇಲಿನದನ್ನು ನಾನು ಕೀಳಲು ಬಿಡುವುದಿಲ್ಲ.

ನಿನ್ನ,
ವೀಣಾ
ಡೊಂಬಿವಲಿ, ಸೋಮವಾರ ರಾತ್ರಿ