ಮಳೆಗಾಲದ ಗಿಡ ಮಾರಾಟ, ಶಿರಸಿ

ಮೃಗಶಿರೆ ಹಿಡಿದಾಯ್ತು. ಗುಂಡಿ ತೆಗೆದು ಇಟ್ಟಿದ್ದೀರಿ ಅಲ್ವಾ? ಜೂನ್ 14ರಿಂದ 30ರವರೆಗೆ ನಮ್ಮ ನರ್ಸರಿಯಲ್ಲಿ ಗಿಡಗಳ ದರ ಇಳಿಸಿದ್ದೇವೆ.

🥭 ಅಪ್ಪೆಮಿಡಿ ಕಸಿ ಗಿಡ: ₹150 (ಮೊದಲು ₹200)
ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೇ ಇರಲಿ. ಗಂಟು ಕೂಡಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಇಲ್ಲವಾದರೆ ಕಾಂಡವನ್ನೇ ಕೊಯ್ಯುತ್ತದೆ. ಗಂಟಿನ ಕೆಳಗೆ ಚಿಗುರು ಬಂದರೆ ಮುಲಾಜಿಲ್ಲದೆ ಚಿವುಟಿ. ಅದು ಕಾಡು ಮಾವಿನ ಚಿಗುರು, ಬಿಟ್ಟರೆ ಕಸಿಯನ್ನೇ ಹಿಂದೆ ಹಾಕಿಬಿಡುತ್ತದೆ. ಪಕ್ಕಕ್ಕೆ ಒಂದು ಗೂಟ ಊರಿ ಕಟ್ಟಿ, ಗಾಳಿಗೆ ಅಲ್ಲಾಡಬಾರದು.

🌿 ಕಾಳುಮೆಣಸು, ಪಣಿಯೂರು-1: ₹20. ನೂರಕ್ಕಿಂತ ಜಾಸ್ತಿ ಒಯ್ದರೆ ₹17
ಮರದ ಬುಡಕ್ಕೇ ಒತ್ತಿ ನೆಡಬೇಡಿ. ಒಂದಡಿ ದೂರ, ಉತ್ತರ ದಿಕ್ಕಿಗೆ. ನೀರು ನಿಂತರೆ ಸೊರಗು ರೋಗ ಗ್ಯಾರಂಟಿ, ಬಸಿಗಾಲುವೆ ಮೊದಲು.

🌺 ದಾಸವಾಳ ₹60, ಮಲ್ಲಿಗೆ ₹50
ಕುಂಡದ ತಳದ ತೂತು ಮುಚ್ಚಿದೆಯಾ ನೋಡಿ, ಅಡಿ ತಟ್ಟೆ ತೆಗೆದಿಡಿ. ದಿನಾ ಮಳೆ ಇದ್ದಾಗ ನೀರು ಹಾಕೋದು ಬೇಡವೇ ಬೇಡ!

ಗಿಡ ಒಯ್ಯಲು ಬನವಾಸಿ ರಸ್ತೆಯ ನಮ್ಮ ನರ್ಸರಿಗೇ ಬನ್ನಿ. ಬೆಳಿಗ್ಗೆ 9ರಿಂದ ಸಂಜೆ 5:30, ಭಾನುವಾರ ಮಧ್ಯಾಹ್ನ 1ರವರೆಗೆ. ಅಪ್ಪೆಮಿಡಿ ಕಡಿಮೆ ಇದೆ, ಹಿಂದಿನ ದಿನವೇ ಇಲ್ಲಿ ಮೆಸೇಜ್ ಮಾಡಿದರೆ ತೆಗೆದಿಡುತ್ತೇವೆ, ಎರಡು ದಿನದ ಮಟ್ಟಿಗೆ ಮಾತ್ರ. ಬೈಕಿನಲ್ಲಿ ಬರುವವರು ಚೀಲ ತನ್ನಿ. ಕೊರಿಯರ್ ಇಲ್ಲ. ಫೋನ್‌ಪೇ, ನಗದು ಎರಡೂ ನಡೆಯುತ್ತದೆ.