ತಿಂಗಳ ಡಬ್ಬಿ ಶುರು ಮಾಡೋಕೂ ಮುಂಚೆ ನಿಮ್ಮ ಹತ್ರ ಕೇಳೋದು ಇಷ್ಟು

ನಮಸ್ಕಾರ, ಕಾರವಾರದ ಕೋಡಿಬಾಗದಲ್ಲಿ ನಾನೂ ನಮ್ಮ ಅತ್ತಿಗೆನೂ ಸೇರಿ ಮನೆ ಅಡುಗೆ ಡಬ್ಬಿ ಶುರು ಮಾಡ್ಬೇಕು ಅಂತಿದ್ದೇವೆ, ತಿಂಗಳ ಲೆಕ್ಕಕ್ಕೆ ದುಡ್ಡು, ಊಟ ದಿನಾ ನಿಮ್ಮ ಬಾಗಿಲಿಗೆ. ಮೆನು, ರೇಟು ಎರಡನ್ನೂ ಬೇಕಂತ್ಲೇ ಬರೆದಿಲ್ಲ, ಬರೆದ್ರೆ ಪರಿಚಯದವ್ರು ಅಂತ ಎಲ್ರೂ ಹೂಂ ಅಂದ್ಬಿಡ್ತೀರಿ, ಆಮೇಲೆ ದೊಡ್ಡ ಪಾತ್ರೆ ತಂದಿಟ್ಕೊಂಡು ಕೂರೋದು ನಾವು. ಫಾರ್ಮಲ್ಲಿ ಹೆಸ್ರು, ನಂಬರ್ ಕೇಳಲ್ಲ.

1. ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದ್ರಿ, ರಾತ್ರಿ ಎಲ್ಲಿ? ಮನೆ, ಡಬ್ಬಿ, ಹೋಟ್ಲು, ಕ್ಯಾಂಟೀನು, ಊಟನೇ ಮಾಡ್ಲಿಲ್ಲ, ಏನಿದ್ರೂ ಹಾಗೇ ಬರೀರಿ.

2. ಕಳೆದ 7 ದಿನದಲ್ಲಿ ಹೊರಗಿನ ಊಟ ಎಷ್ಟು ಸಲ?
ಒಂದೂ ಇಲ್ಲ / 1–3 / 4–7 / 8 ಅಥವಾ ಜಾಸ್ತಿ

3. ಆ ಊಟದ ರುಚಿ ಹೇಗಿತ್ತು? (ಹೊರಗೆ ತಿನ್ನದವ್ರು ಬಿಡಿ)
ತುಂಬಾ ಚೊಲೋ / ಚೊಲೋ / ಪರವಾಗಿಲ್ಲ / ಚೊಲೋ ಇಲ್ಲ / ಒಟ್ಟೂ ಚೊಲೋ ಇಲ್ಲ
ಅತ್ತಿಗೆ ಇಲ್ಲಿ "ಹೊರಗಿನ ಊಟದಲ್ಲಿ ಎಣ್ಣೆ ಜಾಸ್ತಿ ಅಲ್ವಾ?" ಅಂತ ಬರೆದಿದ್ರು, ತೆಗೆಸಿದೆ, ಹೋಟ್ಲೂಟನೇ ಇಷ್ಟ ಅನ್ನೋರೂ ಇದ್ದಾರಲ್ಲ.

4. ಹೊಟ್ಟೆ ತುಂಬೋವಷ್ಟು ಇತ್ತಾ?
ಜಾಸ್ತಿ ಆಯ್ತು / ಸರಿ ಇತ್ತು / ಕಡಿಮೆ ಆಯ್ತು

5. ಕುಚಲಕ್ಕಿ ಅನ್ನ, ಬಿಳಿ ಅನ್ನ, ಚಪಾತಿ, ಜೋಳದ ರೊಟ್ಟಿ. ಕಳೆದ ವಾರ ಯಾವ್ದು ಎಷ್ಟು ದಿನ ತಿಂದ್ರಿ?

6. ಮೀನು ತಿಂತೀರಾ, ಇಲ್ವಾ? ತಿನ್ನೋರು ಮುಂದೆ ಓದಿ: ವಾರದಲ್ಲಿ ಯಾವ್ಯಾವ ದಿನ ತಿನ್ನಲ್ಲ? ಹೋದ ಶ್ರಾವಣದಲ್ಲಿ ತಿಂದಿದ್ರಾ, ಬಿಟ್ಟಿದ್ರಾ? ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್ ಬಂದ್ ಇರತ್ತಲ್ಲ, ಹೋದ ಸಲ ಆ ಟೈಮಲ್ಲಿ ಮನೇಲಿ ಏನು ಮಾಡಿದ್ರಿ, ಒಣಮೀನೋ, ಹೊಳೆ ಮೀನೋ, ಮೊಟ್ಟೆಯೋ, ಬರೀ ತರಕಾರಿನೋ, ಬೇರೆ ಏನೋ? ನಮ್ಮ ಮಳೆಗಾಲದ ಲೆಕ್ಕಾಚಾರ ಪೂರ್ತಿ ಇದರ ಮೇಲೇ ಅದೆ, ಹಂಗಾಗಿ ಇದೊಂದನ್ನ ಉದ್ದ ಬರೆದ್ರೂ ಅಡ್ಡಿಲ್ಲ.

7. ಮೊದ್ಲು ಯಾರದ್ದಾದ್ರೂ ಡಬ್ಬಿ ತಗೊಂಡಿದ್ರಾ? ಬಿಟ್ಟಿದ್ರೆ ಯಾಕೆ ಬಿಟ್ರಿ? ಅವ್ರ ಹೆಸ್ರು ಬೇಡ, ಕಾರಣ ಸಾಕು.

8. ಹೊರಗಿನ ಒಂದು ಹೊತ್ತಿನ ಊಟಕ್ಕೆ ಈಗ ಎಷ್ಟು ಕೊಡ್ತೀರಿ? ಮನೆ ಊಟದ ಡಬ್ಬಿಗೆ ಎಷ್ಟಾದ್ರೆ ದುಬಾರಿ ಅನ್ಸತ್ತೆ? ಎಷ್ಟಕ್ಕಿಂತ ಕಡಿಮೆ ಆದ್ರೆ "ಇಷ್ಟಕ್ಕೆ ಎಂತಾ ಹಾಕ್ತಾರೋ" ಅಂತ ಅನುಮಾನ ಬರತ್ತೆ? ಮೂರೂ ರೂಪಾಯಿಲೇ ಬರೀರಿ.

9. ಮುಂದಿನ ತಿಂಗಳು ಡಬ್ಬಿ ಊಟ ನಿಮಗೆ
ಬೇಡ / ಬೇಕು / ಈಗ ಹೇಳೋಕಾಗಲ್ಲ
ಯಾಕೆ ಅಂತ ಒಂದು ಸಾಲು.

10. ಇರೋದೆಲ್ಲಿ: ಕೋಡಿಬಾಗ, ಬಾಡ, ಕಾಜುಬಾಗ, ಹಬ್ಬುವಾಡ, ಸುಂಕೇರಿ, ಬಿಣಗಾ, ಬೇರೆ? ಕೈಗಾ, ಮೆಡಿಕಲ್ ಕಾಲೇಜು, ಎಲ್ಲಾದ್ರೂ ಶಿಫ್ಟ್ ಇದ್ರೆ ಮನೆ ಬಿಡೋ ಟೈಮು, ಬರೋ ಟೈಮು ಎರಡೂ ಹಾಕಿ.

ಭಾನುವಾರ ರಾತ್ರಿ ಫಾರ್ಮ್ ಬಂದ್ ಮಾಡ್ತೀವಿ. ಡಬ್ಬಿ ಬೇಡ ಅನ್ನೋರೂ ದಯವಿಟ್ಟು ತುಂಬಿ ಕಳ್ಸಿ, ಎಷ್ಟು ಅಕ್ಕಿ ತರಬಾರದು ಅನ್ನೋದೂ ನಮಗೆ ಗೊತ್ತಾಗ್ಬೇಕು.